ಕೆರೆಯ ನೀರು ನೋಡಿ ಜೆಟ್ ಹಾಕಿ

ಕೊಡಗಿನಲ್ಲಿ ಗದ್ದೆಯ ಕೆಲಸಕ್ಕೆ ಮಳೆಯೇ ದಿನ ಗೊತ್ತು ಮಾಡುತ್ತದೆ. ಜೂನ್‌ನಲ್ಲಿ ಬಿತ್ತನೆ, ಜುಲೈನಲ್ಲಿ ನಾಟಿ, ಪುತ್ತರಿ ಹೊತ್ತಿಗೆ ಕದಿರು. ಅದಾದ ಮೇಲೆ ಕಾಫಿ ಕೊಯ್ಲು. ರೈತ ತಾನೇ ಲೆಕ್ಕ ಹಾಕಿ ದಿನ ಗೊತ್ತು ಮಾಡಬೇಕಾದದ್ದು ಫೆಬ್ರವರಿ, ಮಾರ್ಚ್‌ನಲ್ಲಿ, ರೊಬಸ್ಟಾ ಕಾಫಿಗೆ ಹೂವು ಅರಳಿಸುವ ನೀರನ್ನು ಜೆಟ್‌ನಲ್ಲಿ, ಅಂದರೆ ಸ್ಪ್ರಿಂಕ್ಲರ್‌ನಲ್ಲಿ, ಕೊಡುವಾಗ.

ಮೊದಲು ಕೊಯ್ಲು ಪೂರ್ತಿ ಮುಗಿಯಬೇಕು. ಗಿಡದಲ್ಲಿ ಹಣ್ಣಿರುವಾಗಲೇ ನೀರು ಕೊಟ್ಟರೆ, ಆಮೇಲೆ ಹಣ್ಣು ಬಿಡಿಸುವ ಕೈಗೆ ಹೂವು, ಎಳೆ ಪಿಂದೆ ಎಲ್ಲ ಉದುರುತ್ತವೆ. ಕೊಯ್ಲಾದ ಮೇಲೂ ಗಿಡ ಸ್ವಲ್ಪ ದಿನ ಒಣಗಲಿ. ಗಂಟುಗಳಲ್ಲಿ ಮೊಗ್ಗು ಉದ್ದವಾಗಿ, ಚೂಪಾಗಿ ನಿಂತಿದೆಯಾ ನೋಡಿ. ಇನ್ನೂ ಗಂಟಿಗೆ ಅಂಟಿಕೊಂಡಿದ್ದರೆ ಅವಸರ ಬೇಡ.

ಈಗ ನೀರಿನ ಲೆಕ್ಕ. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1 ಲಕ್ಷ ಲೀಟರ್. ಹೂವಿಗೆ ಒಂದೂವರೆ ಇಂಚು ಬೇಕು. ಹೂ ಬಿಟ್ಟು 15-20 ದಿನಕ್ಕೆ ಬ್ಯಾಕಿಂಗ್‌ಗೆ, ಅಂದರೆ ಕಾಯಿ ಕಚ್ಚಲು ಕೊಡುವ ಎರಡನೇ ನೀರಿಗೆ, ಇನ್ನೊಂದು ಇಂಚು. ಎರಡೂ ಸೇರಿ ಎಕರೆಗೆ ಎರಡೂವರೆ ಲಕ್ಷ ಲೀಟರ್.

ಎರಡು ಎಕರೆ ರೊಬಸ್ಟಾ ಇರುವ ಒಬ್ಬರು ರೈತರು ಅಂತಿಟ್ಟುಕೊಳ್ಳಿ. ಅವರ ಕೆರೆ 20 ಮೀಟರ್ ಉದ್ದ, 15 ಮೀಟರ್ ಅಗಲ, ನೀರು 2 ಮೀಟರ್ ಆಳ. ಲೆಕ್ಕಕ್ಕೆ 6 ಲಕ್ಷ ಲೀಟರ್ ಆಯಿತು. ಆದರೆ ದಡ ಇಳಿಜಾರು, ತಳದಲ್ಲಿ ಕೆಸರು. ಪಂಪ್‌ಗೆ ಸಿಗುವುದು 4 ಲಕ್ಷ ಅಂತ ಹಿಡಿಯೋಣ. ಎರಡೂ ಎಕರೆಗೆ ಬೇಕಾದದ್ದು 5 ಲಕ್ಷ. ಕೊರತೆ ಬಂತಲ್ವಾ?

ಇಲ್ಲಿ ಹೆಚ್ಚಿನವರು ಎಲ್ಲ ಗಿಡಕ್ಕೂ ಸ್ವಲ್ಪ ಸ್ವಲ್ಪ ಹಂಚುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅರೆಬರೆ ನೀರು ಕುಡಿದ ಮೊಗ್ಗು ಸರಿಯಾಗಿ ಅರಳುವುದಿಲ್ಲ, ಹಾಗೇ ಕರಟಿ ಹೋಗುತ್ತದೆ. ಒಂದೂವರೆ ಎಕರೆಗೆ ಎರಡು ಸಲವೂ ಪೂರ್ತಿ ಕೊಡಿ, 3.75 ಲಕ್ಷದಲ್ಲಿ ಮುಗಿಯುತ್ತದೆ. ಉಳಿದ ಅರ್ಧ ಎಕರೆ ಹೂಮಳೆಗೆ ಕಾಯಲಿ. ನೆರಳು ಜಾಸ್ತಿ ಇರುವ, ತೇವ ಹಿಡಿದಿಡುವ ತಗ್ಗಿನ ಜಾಗವನ್ನೇ ಅದಕ್ಕೆ ಬಿಡಿ.

ಜೆಟ್ ಎಷ್ಟು ಗಂಟೆ ತಿರುಗಬೇಕು ಅಂತ ಪಕ್ಕದ ತೋಟದವರನ್ನು ಕೇಳಿ ಪ್ರಯೋಜನವಿಲ್ಲ, ಪಂಪ್, ನಾಜಲ್ ಬೇರೆ ಬೇರೆ. ನೇರ ಗೋಡೆಯ ನಾಲ್ಕೈದು ಖಾಲಿ ಡಬ್ಬಿಗಳನ್ನು ಜೆಟ್‌ಗಳ ನಡುವೆ, ಎಲೆಯ ಮರೆ ಇಲ್ಲದ ಕಡೆ ಇಡಿ. ಡಬ್ಬಿಗಳಲ್ಲಿ ಸರಾಸರಿ 38 ಮಿ.ಮೀ. ನಿಂತರೆ ಒಂದೂವರೆ ಇಂಚು ಆಯಿತು, ಪೈಪ್ ಮುಂದಕ್ಕೆ ಸಾಗಿಸಿ. ಗಾಳಿ ಬೀಸುವಾಗ ಒಂದು ಕಡೆಯ ಡಬ್ಬಿ ಬೇಗ ತುಂಬುತ್ತದೆ. ಆಗ ನಿಲ್ಲಿಸಿ, ಗಾಳಿ ಇಳಿದ ಮೇಲೆ ಮುಂದುವರಿಸಿ.

ನೀರು ಕೊಟ್ಟು ಒಂದು ವಾರ, ಹತ್ತು ದಿನದೊಳಗೆ ತೋಟ ಬೆಳ್ಳಗಾಗುತ್ತದೆ. ರೊಬಸ್ಟಾ ಹೂವಿಗೆ ಬೇರೆ ಗಿಡದ ಪರಾಗವೇ ಬೇಕು. ಗಾಳಿ, ಜೇನುಹುಳ ಅದನ್ನು ತರುತ್ತವೆ. ಹೂವು ಅರಳಿದ ದಿನಗಳಲ್ಲಿ ಜೆಟ್ ಹಾಕಬೇಡಿ, ಔಷಧಿ ಹೊಡೆಯುವುದಂತೂ ಬೇಡವೇ ಬೇಡ.

ಬ್ಯಾಕಿಂಗ್ ದಿನ ಬರುವ ಮುಂಚೆ ಒಂದು ಇಂಚು ಮಳೆ ಬಿದ್ದರೆ ಕೆರೆಯ ನೀರು ಉಳಿಯಿತು. ಉಳಿದ ಅರ್ಧ ಎಕರೆಯ ಮೊಗ್ಗಿಗೆ ಬರೀ ತುಂತುರು ಬಿದ್ದಿದ್ದರೆ ಮಾತ್ರ ಬೇರೆ ಮಾತು. ಆಗ ತಡಮಾಡದೆ ಜೆಟ್ ಅಲ್ಲಿಗೆ ಒಯ್ದು, ಕಡಿಮೆ ಬಿದ್ದಷ್ಟನ್ನು ತುಂಬಿಸಿ.