ಗೋಲುಗಳ ಲೆಕ್ಕ: ಒಂದೇ ಪಂದ್ಯ ಅಂದಾಜನ್ನು ಅಲುಗಾಡಿಸಿದಾಗ

2016ರ ಫೆಬ್ರವರಿ 6ರಂದು ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಲೆಸ್ಟರ್ ಸಿಟಿ ತಂಡವು ಮ್ಯಾಂಚೆಸ್ಟರ್ ಸಿಟಿಯನ್ನು ಅದರ ತವರು ಮೈದಾನದಲ್ಲೇ 3-1ರಿಂದ ಸೋಲಿಸಿತು. ಪಾಯ್ಸನ್ ಮಾದರಿಯನ್ನು ಕಲಿಯಲು ಬರುವವರಿಗೆ ನಾನು ಕೊಡುವ ಮೊದಲ ಲೆಕ್ಕ ಈ ಪಂದ್ಯದ್ದೇ. ಫಲಿತಾಂಶ ರೋಚಕವಾಗಿದೆ ಎಂಬುದು ಇದಕ್ಕೆ ಕಾರಣವಲ್ಲ. ಸ್ಪ್ರೆಡ್‌ಶೀಟ್ ತೆರೆದು ಕೂತವರು ಸಾಮಾನ್ಯವಾಗಿ ಮಾಡುವ ಒಂದು ತಪ್ಪು ಇದರಲ್ಲಿ ಬರಿಗಣ್ಣಿಗೇ ಕಾಣಿಸುತ್ತದೆ.

ಫುಟ್‌ಬಾಲ್‌ಗೆ ಪಾಯ್ಸನ್ ಹಂಚಿಕೆ ಏಕೆ ಹೊಂದುತ್ತದೆ ಎಂಬುದನ್ನು ಚುಟುಕಾಗಿ ಹೇಳಬಹುದು. ತೊಂಬತ್ತು ನಿಮಿಷಗಳಲ್ಲಿ ಒಂದು ತಂಡವು ಹತ್ತಾರು ಬಾರಿ ಮುನ್ನುಗ್ಗುತ್ತದೆ, ಪ್ರತಿ ಬಾರಿಯೂ ಗೋಲು ಆಗುವ ಸಾಧ್ಯತೆ ತೀರಾ ಚಿಕ್ಕದಾಗಿರುತ್ತದೆ, ಒಟ್ಟು ಗೋಲುಗಳು ಬೆರಳೆಣಿಕೆಯಷ್ಟೇ ಇರುತ್ತವೆ. ಇಂಥ ವಿರಳ ಘಟನೆಗಳ ಎಣಿಕೆಗೆ ಈ ಹಂಚಿಕೆ ಕೇಳುವುದು ಒಂದೇ ಒಂದು ಸಂಖ್ಯೆಯನ್ನು: ಆ ತಂಡ ಆ ಪಂದ್ಯದಲ್ಲಿ ಸರಾಸರಿ ಎಷ್ಟು ಗೋಲು ಹೊಡೆಯಬಹುದು ಎಂಬ ನಿರೀಕ್ಷೆ, ಅಂದರೆ λ. ಅದು ಗೊತ್ತಾದರೆ k ಗೋಲುಗಳ ಸಂಭವನೀಯತೆ ಈ ಸೂತ್ರದಿಂದ ಸಿಗುತ್ತದೆ:

```
P(k) = λ^k · e^(−λ) / k!
```

ಹಾಗಾಗಿ ಇಡೀ ಕೆಲಸ λ ಅನ್ನು ಕಂಡುಹಿಡಿಯುವುದರಲ್ಲಿದೆ. ಪ್ರತಿ ತಂಡಕ್ಕೂ ಒಂದು ದಾಳಿ ಬಲ, ಒಂದು ರಕ್ಷಣಾ ಬಲ ಎಂದು ಇಟ್ಟುಕೊಂಡು, ಒಬ್ಬರ ದಾಳಿಯನ್ನು ಇನ್ನೊಬ್ಬರ ರಕ್ಷಣೆಯಿಂದ ಗುಣಿಸುವ ದಾರಿಯನ್ನು ಎಂ. ಜೆ. ಮಾಹರ್ 1982ರಲ್ಲಿ ವಿವರವಾಗಿ ತೋರಿಸಿದರು. ಬಲವನ್ನು ಲೀಗ್‌ನ ಸರಾಸರಿಗೆ ಹೋಲಿಸಿ ಅಳೆಯಲಾಗುತ್ತದೆ: ದಾಳಿ 1.40 ಎಂದರೆ ಸಾಮಾನ್ಯ ತಂಡಕ್ಕಿಂತ ಶೇ 40ರಷ್ಟು ಹೆಚ್ಚು ಗೋಲು ಹೊಡೆಯುವ ತಂಡ. ರಕ್ಷಣೆಯಲ್ಲಿ ಮಾತ್ರ ಲೆಕ್ಕ ತಿರುವುಮುರುವು, ಏಕೆಂದರೆ ಅಲ್ಲಿ ಎಣಿಸುವುದು ಬಿಟ್ಟುಕೊಟ್ಟ ಗೋಲುಗಳನ್ನು. ಸಂಖ್ಯೆ ಚಿಕ್ಕದಾದಷ್ಟೂ ತಂಡ ಗಟ್ಟಿ.

2015-16ರ ಋತುವಿನ 380 ಪಂದ್ಯಗಳಲ್ಲಿ ತವರಿನ ತಂಡಗಳು 567 ಗೋಲುಗಳನ್ನೂ ಅತಿಥಿ ತಂಡಗಳು 459 ಗೋಲುಗಳನ್ನೂ ಹೊಡೆದವು. ಪಂದ್ಯವೊಂದಕ್ಕೆ ಇದು 1.49 ಮತ್ತು 1.21 ಆಗುತ್ತದೆ. ಈಗ ಬಹುತೇಕರು ಮಾಡುವುದೇನೆಂದರೆ, ಅಂಕಪಟ್ಟಿಯ ‘ತವರು’ ಕಾಲಮ್‌ನಿಂದ ಮ್ಯಾಂಚೆಸ್ಟರ್ ಸಿಟಿಯ ಸಂಖ್ಯೆಗಳನ್ನೂ (19 ಪಂದ್ಯಗಳಲ್ಲಿ ಹೊಡೆದದ್ದು 47, ಬಿಟ್ಟದ್ದು 21) ‘ಹೊರಗೆ’ ಕಾಲಮ್‌ನಿಂದ ಲೆಸ್ಟರ್‌ನ ಸಂಖ್ಯೆಗಳನ್ನೂ (33 ಮತ್ತು 18) ತೆಗೆದುಕೊಂಡು, ಲೀಗ್ ಸರಾಸರಿಗೆ ಹೋಲಿಸಿ ಬಲಗಳನ್ನು ಕಂಡುಕೊಂಡು, ಅವನ್ನು ಆ ಸರಾಸರಿಯೊಂದಿಗೆ ಗುಣಿಸಿಬಿಡುತ್ತಾರೆ. ಆಗ ಮ್ಯಾಂಚೆಸ್ಟರ್‌ಗೆ 1.57, ಲೆಸ್ಟರ್‌ಗೆ 1.59 ಬರುತ್ತದೆ. ತವರಿನ ಅನುಕೂಲವಿದ್ದೂ ಮ್ಯಾಂಚೆಸ್ಟರ್ ಹಿಂದೆ ಬಿದ್ದಿತು! ಮಾದರಿಯು ಲೆಸ್ಟರ್‌ನ ಗೆಲುವನ್ನು ಮೊದಲೇ ಮೂಸಿ ನೋಡಿದಂತಿದೆ ಎಂದು ಕಲಿಯುವವರು ಖುಷಿಪಡುವುದು ಇಲ್ಲಿಯೇ.

ಮೂಸಿ ನೋಡಿದ್ದು ನಿಜ, ಆದರೆ ಭವಿಷ್ಯವನ್ನಲ್ಲ. ಆ 33 ಮತ್ತು 21ರ ಒಳಗೆ ಇದೇ ಪಂದ್ಯದ ಮೂರು ಗೋಲುಗಳು ಸೇರಿಕೊಂಡಿವೆ. ಅವು ಲೆಸ್ಟರ್‌ನ ದಾಳಿಯನ್ನು ಒಮ್ಮೆ ಹಿಗ್ಗಿಸಿ, ಮ್ಯಾಂಚೆಸ್ಟರ್‌ನ ರಕ್ಷಣೆಯನ್ನು ಮತ್ತೊಮ್ಮೆ ಸಡಿಲಿಸಿ, ಗುಣಾಕಾರದಲ್ಲಿ ಎರಡೆರಡು ಬಾರಿ ಲೆಕ್ಕಕ್ಕೆ ಬಂದಿವೆ. ಆ ಒಂದು ಪಂದ್ಯವನ್ನು ಪಟ್ಟಿಯಿಂದಲೂ ಲೀಗ್ ಸರಾಸರಿಯಿಂದಲೂ ತೆಗೆದು ಉಳಿದ ಹದಿನೆಂಟರಲ್ಲೇ ಲೆಕ್ಕ ಹಾಕಿದರೆ ಮ್ಯಾಂಚೆಸ್ಟರ್ 1.62ಕ್ಕೆ ಏರುತ್ತದೆ, ಲೆಸ್ಟರ್ 1.39ಕ್ಕೆ ಇಳಿಯುತ್ತದೆ. ಒಂದೇ ಪಂದ್ಯ ನಿರೀಕ್ಷೆಯನ್ನು 0.20ರಷ್ಟು ಅಲ್ಲಾಡಿಸುತ್ತದೆ ಎಂದರೆ, ನಾವು ಅಳೆಯುತ್ತಿರುವುದರಲ್ಲಿ ತಂಡದ ಬಲ ಎಷ್ಟು, ಅದೃಷ್ಟದ ಏರಿಳಿತ ಎಷ್ಟು ಎಂದು ಕೇಳಿಕೊಳ್ಳಬೇಕಾಗುತ್ತದೆ.

ನನ್ನ ಪದ್ಧತಿ ಬೇರೆ. ತಂಡದ ದಾಳಿ ಮತ್ತು ರಕ್ಷಣೆಯನ್ನು ಎಲ್ಲ ಪಂದ್ಯಗಳಿಂದ ಒಟ್ಟಾಗಿ ಅಳೆಯುತ್ತೇನೆ. ತವರಿನ ಅನುಕೂಲವನ್ನು ಇಡೀ ಲೀಗ್‌ಗೆ ಸಮಾನವಾದ ಒಂದೇ ಅಂಶವಾಗಿ ಸೇರಿಸುತ್ತೇನೆ. ಆ ಪಂದ್ಯ ಬಿಟ್ಟು ಉಳಿದ 37ರಲ್ಲಿ ಮ್ಯಾಂಚೆಸ್ಟರ್ ಹೊಡೆದದ್ದು 70 ಗೋಲು, ಬಿಟ್ಟದ್ದು 38. ಲೆಸ್ಟರ್ ಹೊಡೆದದ್ದು 65, ಬಿಟ್ಟದ್ದು 35. ತಂಡವೊಂದರ ಲೀಗ್ ಸರಾಸರಿ 1.35ರಿಂದ ಭಾಗಿಸಿದರೆ ಮ್ಯಾಂಚೆಸ್ಟರ್‌ನ ದಾಳಿ 1.40, ಲೆಸ್ಟರ್‌ನ ರಕ್ಷಣೆ 0.70. ಇವೆರಡನ್ನೂ ತವರಿನ ಸರಾಸರಿ 1.49ರಿಂದ, ದಶಮಾಂಶಗಳನ್ನು ಕತ್ತರಿಸದೆ ಗುಣಿಸಿದರೆ 1.47 ಸಿಗುತ್ತದೆ. ಇದೇ ರೀತಿ, ಆ ಪಂದ್ಯವನ್ನು ಬಿಟ್ಟ ಸರಾಸರಿಗಳಿಂದಲೇ, ಲೆಸ್ಟರ್‌ಗೆ 1.19. ಈ ಕ್ರಮದಲ್ಲಿ ಆ ಪಂದ್ಯವನ್ನು ಸೇರಿಸಿದರೂ ಬಿಟ್ಟರೂ ಲೆಸ್ಟರ್‌ನ ನಿರೀಕ್ಷೆ ಬದಲಾಗುವುದು ಸುಮಾರು 0.09 ಮಾತ್ರ. ಋತುವಿನ ಉಳಿದ ಪಂದ್ಯಗಳನ್ನು ಇಲ್ಲಿ ವಿವರಣೆಗಾಗಿ ಬಳಸಿದ್ದೇನೆ. ನಿಜವಾದ ಮುನ್ನಂದಾಜಿನಲ್ಲಿ ಫೆಬ್ರವರಿ 6ರ ನಂತರದ ಒಂದು ಗೋಲೂ ಲೆಕ್ಕದೊಳಗೆ ಬರಕೂಡದು.

ಇಷ್ಟಾದ ಮೇಲೆ ಅಂಕಗಳ ಚೌಕಟ್ಟು ತಯಾರಿಸುವುದು ಯಾಂತ್ರಿಕ ಕೆಲಸ. ಎರಡೂ ತಂಡಗಳ ಗೋಲುಗಳು ಪರಸ್ಪರ ಸ್ವತಂತ್ರ ಎಂದು ಭಾವಿಸಿ, ಒಂದರ ಸಂಭವನೀಯತೆಯನ್ನು ಇನ್ನೊಂದರದ್ದರಿಂದ ಗುಣಿಸುತ್ತೇವೆ. ಅತಿ ಹೆಚ್ಚು ಸಾಧ್ಯತೆಯ ಅಂಕ 1-1, ಅದೂ ಶೇ 12ರ ಆಸುಪಾಸಿನಲ್ಲಿದೆ. ಎಲ್ಲ ಮನೆಗಳನ್ನು ಕೂಡಿದರೆ ಮ್ಯಾಂಚೆಸ್ಟರ್ ಗೆಲುವಿಗೆ ಶೇ 43.6, ಡ್ರಾಗೆ 25.7, ಲೆಸ್ಟರ್ ಗೆಲುವಿಗೆ 30.7. ನಿಜವಾಗಿ ನಡೆದ 3-1ಕ್ಕೆ ಸಿಕ್ಕಿದ್ದು ಶೇ 2.9, ಅಂದರೆ ಸುಮಾರು 35ಕ್ಕೆ ಒಂದು. ಇದನ್ನು ಮಾದರಿಯ ಸೋಲು ಎನ್ನುವವರು, ಅತ್ಯುತ್ತಮ ಊಹೆಯೂ ಎಂಟರಲ್ಲಿ ಏಳು ಸಲ ತಪ್ಪುವ ಆಟವಿದು ಎಂಬುದನ್ನು ಮರೆಯುತ್ತಾರೆ.

ಸ್ವತಂತ್ರ ಎಂಬ ಭಾವನೆಯಲ್ಲಿ ಮಾತ್ರ ನಿಜವಾದ ಬಿರುಕಿದೆ. ಪಂದ್ಯ 0-0 ಅಥವಾ 1-1ರಲ್ಲಿರುವಾಗ ಎರಡೂ ತಂಡಗಳು ಎಚ್ಚರಿಕೆಯ ಆಟಕ್ಕೆ ಇಳಿಯುವುದುಂಟು. ಕಾರಣ ಏನೇ ಇರಲಿ, ಈ ಅಂಕಗಳು ಸರಳ ಮಾದರಿ ಹೇಳುವುದಕ್ಕಿಂತ ಹೆಚ್ಚು ಕಾಣಿಸುತ್ತವೆ. ಮಾರ್ಕ್ ಡಿಕ್ಸನ್ ಮತ್ತು ಸ್ಟುವರ್ಟ್ ಕೋಲ್ಸ್ 1997ರಲ್ಲಿ 0-0, 1-0, 0-1, 1-1 ಎಂಬ ನಾಲ್ಕು ಮನೆಗಳನ್ನಷ್ಟೇ ತಿದ್ದುವ, ρ ಎಂಬ ಒಂದೇ ಸಂಖ್ಯೆಯ ಪರಿಹಾರ ಕೊಟ್ಟರು. ಉದಾಹರಣೆಗೆ ρ ಬೆಲೆ −0.1 ಎಂದುಕೊಂಡರೆ ನಮ್ಮ ಪಂದ್ಯದ ಡ್ರಾ ಸಾಧ್ಯತೆ 25.7ರಿಂದ 28.2ಕ್ಕೆ ಏರುತ್ತದೆ, ಮತ್ತು ಆ ಹೆಚ್ಚಳ ಎರಡೂ ತಂಡಗಳ 1-0 ಗೆಲುವುಗಳಿಂದ ಕಡಿತವಾಗಿ ಬರುತ್ತದೆ. 3-1ರ ಮನೆ ಮಾತ್ರ ಇದ್ದಂತೆಯೇ ಇರುತ್ತದೆ.

ಭಾಗಾಕಾರದಿಂದ ಬಲ ಅಳೆಯುವುದು ಋತು ಮುಗಿದ ಮೇಲೆ ನಡೆಯುತ್ತದೆ, ಏಕೆಂದರೆ ಆಗ ಎಲ್ಲರೂ ಎಲ್ಲರೊಡನೆ ಎರಡೆರಡು ಬಾರಿ ಆಡಿರುತ್ತಾರೆ. ನಡುವೆ ಹಾಗಿರುವುದಿಲ್ಲ, ಮೊದಲ ಎಂಟು ವಾರ ಸಪ್ಪೆ ರಕ್ಷಣೆಯ ತಂಡಗಳೇ ಎದುರಾಗಿದ್ದರೆ ಯಾರ ದಾಳಿಯೂ ಭರ್ಜರಿಯಾಗಿ ಕಾಣುತ್ತದೆ. ಎದುರಾಳಿಯ ಬಲವನ್ನೂ ಜೊತೆಜೊತೆಗೇ ಅಂದಾಜಿಸಲು ಆರ್ ಭಾಷೆಯಲ್ಲಿ ಒಂದು ಸಾಲು ಸಾಕು. ಇದರಲ್ಲಿ ಪ್ರತಿ ಪಂದ್ಯವೂ ತಂಡಕ್ಕೊಂದರಂತೆ ಎರಡು ಸಾಲುಗಳಾಗಿರಬೇಕು:

```
glm(goals ~ home + team + opponent, family = poisson, data = d)
```

ಹಳೆಯ ಋತುವಿನ ಪಂದ್ಯಗಳನ್ನು ಸೇರಿಸುವಾಗ ಅವುಗಳ ತೂಕವನ್ನು ಕಾಲಕ್ಕೆ ತಕ್ಕಂತೆ ಇಳಿಸಬೇಕು, ಇದೂ ಡಿಕ್ಸನ್ ಮತ್ತು ಕೋಲ್ಸ್ ಹೇಳಿದ್ದೇ. 2014-15ರಲ್ಲಿ ಲೆಸ್ಟರ್ 46 ಗೋಲು ಹೊಡೆದು 55 ಬಿಟ್ಟು 14ನೇ ಸ್ಥಾನದಲ್ಲಿತ್ತು. ಮರುವರ್ಷ ಅದೇ ತಂಡ 68 ಹೊಡೆದು 36 ಬಿಟ್ಟು ಚಾಂಪಿಯನ್ ಆಯಿತು. ಎರಡನ್ನೂ ಸಮತೂಕದಲ್ಲಿ ಬೆರೆಸಿದ ಮಾದರಿಗೆ ಫೆಬ್ರವರಿಯಲ್ಲೂ ಲೆಸ್ಟರ್ ಒಂದು ಸಾಧಾರಣ ತಂಡವೇ. ತೂಕ ತೀರಾ ವೇಗವಾಗಿ ಇಳಿದರೆ ಮತ್ತೆ ಹತ್ತೊಂಬತ್ತು ಪಂದ್ಯಗಳ ಅಲುಗಾಟಕ್ಕೇ ಮರಳುತ್ತೇವೆ. ಇಳಿಕೆಯ ವೇಗವನ್ನು ಊಹೆಯಿಂದ ಆರಿಸದೆ, ಪ್ರತಿ ವಾರವೂ ಅದಕ್ಕೆ ಹಿಂದಿನ ಮಾಹಿತಿಯಿಂದಷ್ಟೇ ಅಂದಾಜಿಸಿ, ನಡೆದ ಫಲಿತಾಂಶಕ್ಕೆ ಮಾದರಿ ಕೊಟ್ಟಿದ್ದ ಸಂಭವನೀಯತೆಯ ಲಾಗರಿದಮ್‌ಗಳನ್ನು ಋತುವಿಡೀ ಕೂಡಿ, ಯಾವ ವೇಗಕ್ಕೆ ಮೊತ್ತ ಅತಿ ಹೆಚ್ಚು ಬರುತ್ತದೆಯೋ ಅದನ್ನು ಇಟ್ಟುಕೊಳ್ಳುತ್ತೇನೆ.