25ರಲ್ಲಿ 18 ಕೂರಲಿಲ್ಲ

ಮೇ ಕೊನೆಯ ವಾರ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ದಾವಣಗೆರೆ, ಹರಿಹರದ ಕಡೆಯ ಕೆಲವು ಪ್ರೌಢಶಾಲೆಗಳಿಗೆ ವೇಳಾಪಟ್ಟಿ ಹಾಕಿಕೊಡುತ್ತೇನೆ. ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುವ ಪ್ರಶ್ನೆ ಒಂದೇ: "ಆ ಮೇಡಂಗೆ ಇರೋದೇ ವಾರಕ್ಕೆ 18 ಪಿರಿಯಡ್ಡು. ಅದಕ್ಕೂ ಕ್ಲಾಶ್ ಆಗ್ತತಿ ಅಂದ್ರೆ ಹೆಂಗ್ರೀ?"

ಒಬ್ಬ ಶಿಕ್ಷಕರಿಗೆ ವಾರಕ್ಕೆ ಎಷ್ಟು ಪಿರಿಯಡ್ ಎಂಬುದು ಸಂಬಳದ ಲೆಕ್ಕಕ್ಕೆ ಬೇಕಾದದ್ದು. ನನಗೆ ಬೇಕಾದದ್ದು ಆ ಪಿರಿಯಡ್ಡುಗಳು ಯಾವ ದಿನ, ಯಾವ ಹೊತ್ತಿಗೆ ಕೂರಬಲ್ಲವು, ಕೂತಾಗ ಜೊತೆಯಲ್ಲಿ ಇನ್ಯಾರನ್ನು ಹಿಡಿದಿಡುತ್ತವೆ ಎಂಬುದು. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈ ಸಲ ಬರೆದೇ ಬಿಡುತ್ತೇನೆ.

ಎರಡು ವರ್ಷದ ಹಿಂದಿನ ಒಂದು ಶಾಲೆ. 8, 9, 10ನೇ ತರಗತಿ, ತಲಾ ಎ ಮತ್ತು ಬಿ ವಿಭಾಗ. ಸೋಮವಾರದಿಂದ ಶುಕ್ರವಾರ ದಿನಕ್ಕೆ 7 ಪಿರಿಯಡ್, ಶನಿವಾರ ಬೆಳಗ್ಗೆ 4. ಪ್ರಥಮ ಭಾಷೆ ವಾರಕ್ಕೆ 6 ಪಿರಿಯಡ್. ಕನ್ನಡ ತಗೊಂಡವರೂ ಸಂಸ್ಕೃತ ತಗೊಂಡವರೂ ಎರಡೂ ವಿಭಾಗದಲ್ಲಿ ಬೆರೆತಿದ್ದಾರೆ. ಹಾಗಾಗಿ 8ನೇ ತರಗತಿಗೆ ಸಂಸ್ಕೃತ ಇಟ್ಟರೆ ಅದೇ ಹೊತ್ತಿಗೆ 8ಎ, 8ಬಿ ಎರಡಕ್ಕೂ ಕನ್ನಡ ನಡೆಯಲೇಬೇಕು. ಒಂದು ಸಂಸ್ಕೃತ ಪಿರಿಯಡ್ ಮೂವರು ಶಿಕ್ಷಕರನ್ನು ಒಂದೇ ಗಂಟಿಗೆ ಕಟ್ಟಿಹಾಕುತ್ತದೆ.

ಸಂಸ್ಕೃತದ ಮೇಡಂ ಒಬ್ಬರೇ. ಮಂಗಳವಾರ, ಗುರುವಾರ ಅದೇ ಆಡಳಿತ ಮಂಡಳಿಯ ಹರಿಹರದ ಶಾಲೆಯಲ್ಲಿರುತ್ತಾರೆ. ಇಲ್ಲಿ ಅವರಿಗೆ ಉಳಿದದ್ದು ಮೂರು ಪೂರ್ತಿ ದಿನ ಮತ್ತು ಶನಿವಾರ, ಅಂದರೆ 25 ಜಾಗ. ಬೇಕಾದದ್ದು 18. "ಇನ್ನೂ 7 ಮಿಕ್ಕುತ್ತಲ್ರೀ" ಅಂದರು ಕಾರ್ಯದರ್ಶಿಗಳು. ಮಿಕ್ಕುವುದಿಲ್ಲ. ಒಂದು ತರಗತಿಗೆ ಪ್ರಥಮ ಭಾಷೆ ದಿನಕ್ಕೆ ಒಂದೇ ಸಲ ಎಂದು ಅದೇ ಶಾಲೆಯವರು ಬರೆದುಕೊಟ್ಟಿದ್ದರು. ನಾಲ್ಕು ದಿನ, ಮೂರು ತರಗತಿ: ಕೂರಬಹುದಾದದ್ದು 12. ಉಳಿದ 6ಕ್ಕೆ ಮಂಗಳವಾರ, ಗುರುವಾರ ಬೇಕು. ಆ ದಿನ ಮೇಡಂ ಇಲ್ಲ.

ಇದನ್ನು ಮೊದಲು ಕಾಗದದ ಮೇಲೆ ಎಣಿಸಬೇಕಿತ್ತು. ನಾನೂ ಆ ಸಲ ಅವಸರದಲ್ಲಿ ಎಣಿಸಲಿಲ್ಲ. ನಾನು ಬಳಸುವುದು FET ಎಂಬ ಉಚಿತ ತಂತ್ರಾಂಶ. ದಿನಕ್ಕೊಂದೇ ಎಂಬ ನಿಯಮಕ್ಕೆ ನೂರಕ್ಕೆ ನೂರು ತೂಕ ಕೊಟ್ಟಿದ್ದಾಗ ಅದು ಮುಂದೆ ಹೋಗದೆ ನಿಂತುಬಿಟ್ಟಿತು. ತೂಕ 95ಕ್ಕೆ ಇಳಿಸಿದೆ, ಪಟ್ಟಿ ಬಂತು. ನಿಯಮವನ್ನು ಎಲ್ಲೆಲ್ಲಿ ಮುರಿದಿದೆ ಎಂದು ಅದು ಬೇರೆಯಾಗಿ ತೋರಿಸುತ್ತದೆ. ಅದನ್ನು ಓದದೆ ಪಟ್ಟಿ ಮುದ್ರಿಸಿ ಕೊಟ್ಟೆ. ಕ್ಲಾಶ್ ಒಂದೂ ಇರಲಿಲ್ಲ, ನಿಜ.

ಜೂನ್ ಎರಡನೇ ವಾರ ಕನ್ನಡ ಮೇಷ್ಟ್ರು ಮಂಡಕ್ಕಿ ಮಿರ್ಚಿ ತಿನ್ನೋಣ ಬಾ ಎಂದು ಕರೆದರು. ಹೋದರೆ ಮಾತಾಡಲು ಅವರಿಗೆ ಗಂಟಲೇ ಇಲ್ಲ. ಸೋಮವಾರ 7ರಲ್ಲಿ 6 ಪಿರಿಯಡ್ ಪಾಠ, ಒಂದೇ ಲೀಜರ್. ಮಂಗಳವಾರ, ಗುರುವಾರ ಪ್ರಥಮ ಭಾಷೆ ಒಂದೂ ಇಲ್ಲ. "ಸಂಸ್ಕೃತದೋರು ಹರಿಹರಕ್ಕೆ ಹೋದ್ರೆ ನನ್ನ ಕನ್ನಡ ಯಾಕಪ್ಪಾ ರಜಾ ಹಾಕ್ತತಿ?" ಎಂದು ಪಿಸುಗುಟ್ಟಿದರು. ಕಟ್ಟಿದ ಗಂಟಿನ ಇನ್ನೊಂದು ತುದಿಯಲ್ಲಿ ಅವರಿದ್ದರು, ಅಷ್ಟೇ.

ಪರಿಹಾರ ಸಿಕ್ಕಿದ್ದು ಹರಿಹರದ ಪಟ್ಟಿಯಲ್ಲಿ. ಅಲ್ಲಿ ಮೇಡಂ 8 ಮತ್ತು 9ಕ್ಕೆ ತೃತೀಯ ಭಾಷೆಯಾಗಿ ತಲಾ 3, ಒಟ್ಟು 6 ಪಿರಿಯಡ್ ಮಾತ್ರ ತಗೊಳ್ಳುತ್ತಿದ್ದರು. ಅಷ್ಟಕ್ಕೆ ಎರಡು ಪೂರ್ತಿ ದಿನ! ಮಂಗಳವಾರ ನಾಲ್ಕು, ಗುರುವಾರ ಕೊನೆಯ ಎರಡು ಎಂದು ಕೂರಿಸಿದೆವು. ಗುರುವಾರ ಬೆಳಗ್ಗೆ ದಾವಣಗೆರೆಯಲ್ಲಿ ಮೊದಲ ಮೂರು ಪಿರಿಯಡ್ ಮೂರು ತರಗತಿಗೆ. ನಾಲ್ಕನೆಯದು ಖಾಲಿ, ಬಸ್ಸು ಹಿಡಿಯಲು. ಈಗ ಐದು ದಿನಕ್ಕೆ 15 ಕೂತವು. ಉಳಿದ ಮೂರನ್ನು ಹಂಚಿದೆವು: 8ಕ್ಕೆ ಸೋಮವಾರ, 9ಕ್ಕೆ ಬುಧವಾರ, 10ಕ್ಕೆ ಶುಕ್ರವಾರ ಒಂದೊಂದು ಹೆಚ್ಚು. ಆ ದಿನ ಎರಡನೆಯ ಪಿರಿಯಡ್ ಪ್ರಬಂಧ ಬರೆಸಲಿಕ್ಕೆ. ಮೇಷ್ಟ್ರಿಗೆ ಪ್ರಥಮ ಭಾಷೆ ದಿನಕ್ಕೆ ನಾಲ್ಕಕ್ಕಿಂತ ಮೇಲೆ ಬರಲಿಲ್ಲ.

ನಿಮ್ಮ ಶಾಲೆಗೂ ಇದೇ ಹಂಚಿಕೆ ಹೊಂದುತ್ತದೆಂದು ಹೇಳಲಾರೆ. ವಿಭಾಗ ಮೂರಾದರೆ, ಕನ್ನಡದವರು ಇಬ್ಬರೇ ಆದರೆ ಲೆಕ್ಕವೇ ಬೇರೆ. ಆದರೆ ಕೂರಿಸುವ ಕ್ರಮ ಬದಲಾಗದು: ಗಂಟು ಬಿದ್ದ ಪಿರಿಯಡ್ ಮತ್ತು ಅರ್ಧ ವಾರ ಬರುವ ಶಿಕ್ಷಕರು ಮೊದಲು, ದೈಹಿಕ ಶಿಕ್ಷಣದಂಥವು ಕೊನೆಗೆ. ಎರಡು ಶಾಲೆಗೆ ಒಬ್ಬರೇ ಶಿಕ್ಷಕರಿದ್ದರೆ ಎರಡೂ ಪಟ್ಟಿ ಒಂದೇ ಮೇಜಿನ ಮೇಲೆ.

ಹೋದ ವಾರ ಅದೇ ಕಾರ್ಯದರ್ಶಿಗಳ ಫೋನು. ಹರಿಹರದಲ್ಲಿ ಈ ವರ್ಷ 10ಕ್ಕೂ ಸಂಸ್ಕೃತ ಶುರುವಂತೆ. "ಮೂರೇ ಪಿರಿಯಡ್ರೀ, ಎಲ್ಲಾದ್ರೂ ಸೇರಿಸಿಬಿಡಿ." ಸೇರಿಸುವ ಮುಂಚೆ ಹರಿಹರದ ಪಟ್ಟಿ ಕಳಿಸಿ ಎಂದಿದ್ದೇನೆ. ಇನ್ನೂ ಬಂದಿಲ್ಲ.