ಮೀಟಿಂಗ್ ರೂಮಿನ ತಲೆಭಾರ ಮತ್ತು 1000 ಅನ್ನೋ ನಂಬರಿನ ಕಥೆ

ಊಟ ಆದ್ಮೇಲಿನ ಮೀಟಿಂಗ್, ಗ್ಲಾಸ್ ರೂಮು, ಬಾಗಿಲು ಹಾಕಿದೆ, ಹತ್ತು ಜನ ಕೂತಿದಾರೆ, ಎಸಿ 23ರಲ್ಲಿ ಓಡ್ತಿದೆ. ಮುಕ್ಕಾಲು ಗಂಟೆ ಆಗೋಷ್ಟರಲ್ಲಿ ಒಬ್ರಿಗೆ ಆಕಳಿಕೆ, ಇನ್ನೊಬ್ರಿಗೆ ತಲೆ ಭಾರ, ಮತ್ತೊಬ್ರಿಗೆ ಕಣ್ಣು ಉರಿ. ಊಟ ಜಾಸ್ತಿ ಆಯ್ತು ಅಂದ್ಕೋತಾರೆ ಎಲ್ರೂ. ಕೋವಿಡ್ ಆದ್ಮೇಲೆ ಕೆಲವರ ಹತ್ರ ಅಂಗೈಯಗಲದ ಕಾರ್ಬನ್ ಡೈಆಕ್ಸೈಡ್ ಮೀಟರ್ ಬಂದಿದೆ, ಅದನ್ನ ಟೇಬಲ್ ಮೇಲಿಟ್ರೆ 2400, 2500 ಅಂತ ತೋರಿಸುತ್ತೆ. ಆಗ ಒಬ್ರು ಅಯ್ಯೋ ವಿಷ ಅಂತಾರೆ, ಫೆಸಿಲಿಟಿಯವರು ಬಂದು ಕೆಲಸದ ಜಾಗಕ್ಕೆ 5000 ಲಿಮಿಟ್ ಇದೆ, ಏನೂ ಆಗಲ್ಲ ಬಿಡಿ ಅಂತಾರೆ. ನನ್ನ ಪ್ರಕಾರ ಇಬ್ರೂ ಆ ನಂಬರನ್ನ ತಪ್ಪಾಗೇ ಓದ್ತಿದಾರೆ, ಯಾಕೆ ಅಂತ ಗೊತ್ತಾಗ್ಬೇಕು ಅಂದ್ರೆ ಈ ಲೆಕ್ಕ ಶುರುವಾದ ಕಡೆಗೇ ಹೋಗ್ಬೇಕು.

ಅದು ಶುರುವಾಗಿದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ. ಅಲ್ಲಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಅಂತ ಒಬ್ಬ ರಸಾಯನಶಾಸ್ತ್ರಜ್ಞ ಇದ್ದ, ಮನೆ, ಶಾಲೆ, ಆಸ್ಪತ್ರೆಗಳ ಒಳಗಿನ ಗಾಳಿ ಹೆಂಗಿದೆ ಅಂತ ಅಳೀತಿದ್ದ, 1858ರಲ್ಲಿ ಅದನ್ನೆಲ್ಲ ಬರೆದು ಪ್ರಕಟಿಸಿದ. ಜನ ತುಂಬಿದ ಕೋಣೆ ಉಸಿರುಗಟ್ಟಿದ ಹಾಗೆ ಅನ್ಸೋದು ಆಮ್ಲಜನಕ ಕಮ್ಮಿ ಆಗಿದ್ದಕ್ಕಲ್ಲ, ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆಗಿದ್ದಕ್ಕೂ ಅಲ್ಲ, ಮೈಯಿಂದ, ಉಸಿರಿನಿಂದ ಹೊರಬರೋ ಬೇರೆ ಬೇರೆ ವಸ್ತುಗಳಿಂದ ಅಂತ ಅವನು ಹೇಳಿದ. ಆದ್ರೆ ಅವನ್ನ ಅಳೆಯೋಕೆ ಆ ಕಾಲದಲ್ಲಿ ದಾರಿ ಇರ್ಲಿಲ್ಲ. ಕಾರ್ಬನ್ ಡೈಆಕ್ಸೈಡನ್ನ ಅಳೀಬಹುದಿತ್ತು, ಬೇರಿಯಂ ಕರಗಿಸಿದ ನೀರಿನ ಜೊತೆ ಗಾಳಿ ಕಲಕಿದ್ರೆ ನೀರು ಹಾಲಿನ ಥರ ಬೆಳ್ಳಗಾಗುತ್ತೆ, ಎಷ್ಟು ಬೇರಿಯಂ ಖರ್ಚಾಯ್ತು ಅಂತ ನೋಡಿ ಲೆಕ್ಕ ಹಾಕೋದು. ಎರಡೂ ಮನುಷ್ಯರಿಂದಲೇ ಒಟ್ಟಿಗೆ ಬರೋದ್ರಿಂದ ಒಂದು ಏರಿದ್ರೆ ಇನ್ನೊಂದೂ ಏರಿರುತ್ತೆ ಅನ್ನೋ ತರ್ಕದ ಮೇಲೆ ಅವನು ಸಾವಿರಕ್ಕೆ ಒಂದು ಭಾಗ ಅನ್ನೋ ಗೆರೆ ಹಾಕಿದ, ಇವತ್ತಿನ ಭಾಷೇಲಿ 1000 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗ ಗಾಳೀಲಿ ಸಾವಿರ ಭಾಗ. ಕೋಣೆಯಲ್ಲಿ ಹೊಗೆ ಇದೆ ಅಂದ್ರೆ ಒಲೆ ಉರೀತಿದೆ ಅಂತ ಹೆಂಗೆ ಅಂದ್ಕೋತೀವೋ ಅಷ್ಟೇ ಇದರ ಕೆಲಸ, ಇದು ಗುರುತು, ವಿಷದ ಮಿತಿ ಅಲ್ಲ.

ಅವನೇ ಇನ್ನೊಂದು ಮಾತು ಹೇಳಿದ್ದಾನೆ, ನಂಗೆ ಅದೇ ಹೆಚ್ಚು ಮುಖ್ಯ ಅನ್ಸುತ್ತೆ. ಕೋಣೆಯೊಳಗೆ ತಿಪ್ಪೆ ಇದ್ರೆ ಗಾಳಿ ಆಡಿಸಿ ವಾಸನೆ ಕಳೆಯೋಕೆ ಹೋಗ್ಬೇಡಿ, ತಿಪ್ಪೆನ ತೆಗೀರಿ ಅಂತ. ಅಂದ್ರೆ ವೆಂಟಿಲೇಶನ್ ಇರೋದು ತೆಗೆಯೋಕೆ ಆಗದ ಮೂಲಕ್ಕೆ, ಒಳಗೆ ಕೂತಿರೋ ಮನುಷ್ಯರಿಗೆ. ಈ ಮಾತು ಮುಂದೆ ವಾಷಿಂಗ್ಟನ್ನಲ್ಲಿ ಮತ್ತೆ ಬರುತ್ತೆ.

ಅಮೆರಿಕದಲ್ಲಿ 1895ರ ಹೊತ್ತಿಗೆ ಹೀಟಿಂಗ್, ವೆಂಟಿಲೇಟಿಂಗ್ ಎಂಜಿನಿಯರುಗಳ ಸಂಘ ಒಬ್ಬೊಬ್ರಿಗೂ ನಿಮಿಷಕ್ಕೆ 30 ಘನ ಅಡಿ ಹೊರಗಿನ ಗಾಳಿ ಬೇಕು ಅಂತ ಶಿಫಾರಸು ಮಾಡಿತ್ತು, ಅದಕ್ಕೆ ರೋಗ ಹರಡುತ್ತೆ ಅನ್ನೋ ಭಯ ದೊಡ್ಡ ಕಾರಣ. 1930ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ಯಾಗ್ಲೂ ಅನ್ನೋರು ಜನರನ್ನ ಕೋಣೇಲಿ ಕೂರಿಸಿ, ಹೊರಗಿಂದ ಬಂದವರ ಮೂಗಿಗೆ ವಾಸನೆ ಎಷ್ಟು ಹೊಡೆಯುತ್ತೆ ಅಂತ ಕೇಳಿ ಪ್ರಯೋಗ ಮಾಡಿದ್ರು, ಅಲ್ಲಿಂದ ವೆಂಟಿಲೇಶನ್ ಅಂದ್ರೆ ವಾಸನೆ ಬರದಷ್ಟು ಗಾಳಿ ಅನ್ನೋ ಅರ್ಥ ನಿಂತ್ಬಿಡ್ತು. ಆಮೇಲೆ 1973ರ ತೈಲ ಬಿಕ್ಕಟ್ಟು. ಹೊರಗಿನ ಗಾಳಿ ತಂದ್ರೆ ಅದನ್ನ ಬಿಸಿ ಇಲ್ಲಾ ತಂಪು ಮಾಡ್ಬೇಕು, ಅದಕ್ಕೆ ದುಡ್ಡು ಹೋಗುತ್ತೆ. ಹಂಗಾಗಿ ಕಿಟಕಿ ತೆರೆಯೋಕೆ ಬರದ ಕಟ್ಟಡಗಳು ಬಂದ್ವು, ಸಂದುಗೊಂದೆಲ್ಲ ಮುಚ್ಚಿದ್ರು, ಅಲ್ಲಿನ ಎಸಿ ಎಂಜಿನಿಯರುಗಳ ಸಂಘ ಆಶ್ರೇ 1981ರಲ್ಲಿ ಹೊರಡಿಸಿದ ಸ್ಟಾಂಡರ್ಡ್‌ನಲ್ಲಿ ಸಿಗರೇಟ್ ಸೇದದ ಆಫೀಸಿಗೆ ಒಬ್ಬರಿಗೆ ಬರೀ 5 ಘನ ಅಡಿ ಅಂತ ಬಂತು.

ಆ ಐದು ಅಂದ್ರೆ ಏನು ಅಂತ ಸ್ವಲ್ಪ ಲೆಕ್ಕ ಹಾಕೋಣ, ಕಷ್ಟ ಏನಿಲ್ಲ. ಕೂತು ಕೆಲಸ ಮಾಡೋ ಒಬ್ಬ ಮನುಷ್ಯ ನಿಮಿಷಕ್ಕೆ ಸುಮಾರು 0.3 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡ್ತಾನೆ. 5 ಘನ ಅಡಿ ಅಂದ್ರೆ ಸುಮಾರು 142 ಲೀಟರ್ ಗಾಳಿ. 0.3ನ್ನ 142ರಿಂದ ಭಾಗಿಸಿದ್ರೆ 2100 ಪಿಪಿಎಂ, ಹೊರಗಿನ ಗಾಳೀಲಿ ಈಗಾಗ್ಲೇ ಇರೋ 420ನ್ನ ಕೂಡಿಸಿದ್ರೆ 2500ರ ಆಸುಪಾಸು. ಅದೇ 20 ಘನ ಅಡಿ ಕೊಟ್ರೆ 530 ಏರುತ್ತೆ, ಒಟ್ಟು 950. ಅಂದ್ರೆ ತುಂಬ ಹೊತ್ತಾಗಿ ಏರೋದು ನಿಂತ್ಮೇಲೆ ಮೀಟರ್ ತೋರಿಸೋ ನಂಬರು ಒಬ್ಬೊಬ್ರಿಗೆ ಎಷ್ಟು ಹೊರಗಿನ ಗಾಳಿ ಸಿಗ್ತಿದೆ ಅನ್ನೋದರ ತಿರುಗುಮುರುಗು ಲೆಕ್ಕ, ಅದಕ್ಕಿಂತ ಹೆಚ್ಚೇನೂ ಇಲ್ಲ.

ಮುಚ್ಚಿದ ಕಟ್ಟಡಗಳಿಂದ ದೂರು ಬರೋಕೆ ಶುರುವಾಯ್ತು. ತಲೆನೋವು, ಗಂಟಲು ಒಣಗೋದು, ಕಣ್ಣುರಿ, ಸುಸ್ತು, ಬೆಳಗ್ಗೆ ಬಂದಾಗ ಚೆನ್ನಾಗಿರ್ತಾರೆ, ಮಧ್ಯಾಹ್ನಕ್ಕೆ ಕೆಡುತ್ತೆ, ಸಂಜೆ ಮನೆಗೆ ಹೋದ್ಮೇಲೆ ಸರಿಯಾಗುತ್ತೆ, ಡಾಕ್ಟರ್ ಹತ್ರ ಹೋದ್ರೆ ಯಾವ ಟೆಸ್ಟಲ್ಲೂ ಏನೂ ಸಿಗಲ್ಲ. 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಸಿಕ್ ಬಿಲ್ಡಿಂಗ್ ಸಿಂಡ್ರೋಮ್ ಅಂತ ವಿವರಿಸ್ತು. ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯ ನೋಡೋ ನಯೋಶ್ ಸಂಸ್ಥೆ 1988ರ ಕೊನೆವರೆಗೆ ಇಂಥ 529 ತನಿಖೆ ಮಾಡಿ, ಅದರಲ್ಲಿ 53 ಪರ್ಸೆಂಟಿಗೆ ಗಾಳಿ ಸಾಲದ್ದೇ ಮುಖ್ಯ ಕಾರಣ ಅಂತ ಹಾಕ್ತು. ಈ 53ನ್ನ ಎಲ್ರೂ ಉದಾಹರಿಸ್ತಾರೆ, ಆದ್ರೆ ಅಲ್ಲೊಂದು ತೊಡಕಿದೆ, 1000 ದಾಟಿದ್ರೆ ಗಾಳಿ ಸಾಲ್ತಿಲ್ಲ ಅಂತ ಅನುಮಾನಿಸೋದೇ ಆ ತನಿಖೆಗಾರರ ಅಳತೆಗೋಲೂ ಆಗಿತ್ತು. ದಾಟಿದ ಮಾತ್ರಕ್ಕೆ ತಲೆನೋವು ಅದರಿಂದಲೇ ಬಂತು ಅಂತ ಸಾಬೀತಾಗಲ್ಲ.

ಅದೇ ಕಾಲಕ್ಕೆ ವಾಷಿಂಗ್ಟನ್ನಲ್ಲಿ ಇನ್ನೊಂದು ಘಟನೆ ನಡೀತು. ದೇಶದ ಗಾಳಿ, ನೀರು ಕಾಯ್ಬೇಕಾದ ಪರಿಸರ ಸಂರಕ್ಷಣಾ ಏಜೆನ್ಸಿಯ ಮುಖ್ಯ ಕಚೇರಿ ಆಗ ವಾಟರ್‌ಸೈಡ್ ಮಾಲ್ ಅನ್ನೋ ಕಟ್ಟಡದಲ್ಲಿತ್ತು. 1987ರಿಂದ 88ರವರೆಗೆ ಅಲ್ಲಿ ಹೊಸ ಕಾರ್ಪೆಟ್ ಹಾಕಿದ್ರು, ನೌಕರರು ಒಬ್ಬೊಬ್ರಾಗಿ ಕಾಯಿಲೆ ಬಿದ್ರು, ಕೆಲವರಿಗೆ ಆ ಕಟ್ಟಡದೊಳಗೆ ಕಾಲಿಡೋಕೇ ಆಗ್ಲಿಲ್ಲ. ಕಾರ್ಪೆಟಿನ ಹಿಂಬದಿಯ ಲೇಟೆಕ್ಸಿಂದ ಬರೋ 4-ಫೀನೈಲ್‌ಸೈಕ್ಲೋಹೆಕ್ಸೀನ್ ಅನ್ನೋ ಘಾಟು ವಸ್ತುವಿನ ಮೇಲೆ ಅನುಮಾನ ಹೋಯ್ತು. ಅದೊಂದೇ ಕಾರಣ ಅಂತ ಖಚಿತ ಆಗ್ಲಿಲ್ಲ, ಕಟ್ಟಡದ ವೆಂಟಿಲೇಶನ್ ಕೂಡ ಚೆನ್ನಾಗಿರ್ಲಿಲ್ಲ. ಇಲ್ಲಿ ಗಮನಿಸಬೇಕಾದ್ದು ಇಷ್ಟು, ಕಾರ್ಪೆಟ್ ಉಸಿರಾಡಲ್ಲ. ಅದು ಎಷ್ಟು ಘಾಟು ಬಿಟ್ರೂ ಕಾರ್ಬನ್ ಡೈಆಕ್ಸೈಡ್ ಮೀಟರ್ ಅಲುಗಾಡಲ್ಲ. ಹೊಸ ಪ್ಲೈವುಡ್ಡಿನ ಫಾರ್ಮಾಲ್ಡಿಹೈಡ್, ಒದ್ದೆ ಗೋಡೆಯ ಬೂಸ್ಟು, ರೋಡಿಂದ ಒಳಬರೋ ಧೂಳು, ಯಾವುದೂ ಅದಕ್ಕೆ ಕಾಣಲ್ಲ. ಪೆಟೆನ್‌ಕೋಫರ್ ಹೇಳಿದ ತಿಪ್ಪೆ ಇದೇ.

1989ರಲ್ಲಿ ಆ ಸ್ಟಾಂಡರ್ಡ್ ಬದಲಾಗಿ ಆಫೀಸಿಗೆ 20 ಘನ ಅಡಿ ಅಂತ ವಾಪಸ್ ಏರಿಸಿದ್ರು, ಜೊತೆಗೆ 1000 ಅನ್ನೋ ನಂಬರೂ ಅದರಲ್ಲಿ ಸೇರ್ತು. ಅಲ್ಲಿಂದ ಜನ ಅದನ್ನ ಪಾಸ್ ಫೇಲ್ ಗೆರೆ ಥರ ನೋಡೋಕೆ ಶುರು ಮಾಡಿದ್ರು. ಆಮೇಲೆ ಆಶ್ರೇನೇ ಅದನ್ನ ಹೊರಗಿನ ಗಾಳಿಗಿಂತ 700 ಜಾಸ್ತಿ ಅಂತ ತಿದ್ದಿ, ಮುಂದೆ ಅದನ್ನೂ ಬಿಟ್ಬಿಡ್ತು, ಆದ್ರೆ ಜನರ ಬಾಯಲ್ಲಿ ಇವತ್ತಿಗೂ ಸಾವಿರನೇ ಉಳಿದಿದೆ. ಪೆಟೆನ್‌ಕೋಫರ್ ಕಾಲದಲ್ಲಿ ಹೊರಗಿನ ಗಾಳೀಲಿ ಇದ್ದಿದ್ದೇ 290ರ ಹತ್ರ, ಹಂಗಾಗಿ ಅವನ ಸಾವಿರ ಅಂದ್ರೆ ಜನರಿಂದ ಏರಿದ್ದು 700, ಇವತ್ತಿನ ಸಾವಿರದಲ್ಲಿ ಜನರ ಪಾಲು 580 ಅಷ್ಟೇ. 1993ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನಾಲ್ಕು ಆಫೀಸ್ ಕಟ್ಟಡಗಳಲ್ಲಿ ನೌಕರರಿಗೆ ಹೇಳದೇ ಗಾಳೀನ ಒಬ್ಬರಿಗೆ 20 ಇದ್ದಿದ್ದನ್ನ 50 ಘನ ಅಡಿಗೆ ಏರಿಸಿ ನೋಡಿದ ಅಧ್ಯಯನ ಪ್ರಕಟವಾಯ್ತು, ದೂರುಗಳು ಕಮ್ಮಿ ಆಗ್ಲಿಲ್ಲ. ಅಂದ್ರೆ ಸಾಕಷ್ಟು ಗಾಳಿ ಇರೋ ಕಡೆ ಇನ್ನೂ ಸುರಿದ್ರೆ ಲಾಭ ಸಿಗುತ್ತೆ ಅಂತೇನಿಲ್ಲ, ಅಲ್ಲಿ ಹುಡುಕ್ಬೇಕಾದ್ದು ಬೇರೆ ಮೂಲ.

ಹಾಗಾದ್ರೆ ಕಾರ್ಬನ್ ಡೈಆಕ್ಸೈಡೇ ತಲೆ ಮಂಕು ಮಾಡುತ್ತಾ ಅಂದ್ರೆ ಇನ್ನೂ ಜಗಳ ಮುಗಿದಿಲ್ಲ. 2012ರಲ್ಲಿ ಬರ್ಕ್ಲಿಯ ಸಂಶೋಧಕರು 22 ಜನರನ್ನ ಕೂರಿಸಿ, ಸಿಲಿಂಡರಿಂದ ಶುದ್ಧ ಕಾರ್ಬನ್ ಡೈಆಕ್ಸೈಡ್ ಬಿಟ್ಟು, 2500ರಲ್ಲಿ ನಿರ್ಧಾರ ತಗೊಳ್ಳೋ ಪರೀಕ್ಷೇಲಿ ಅಂಕ ತುಂಬಾನೇ ಕಮ್ಮಿ ಆಗುತ್ತೆ ಅಂತ ಕಂಡ್ರು. ಡೆನ್ಮಾರ್ಕಲ್ಲಿ ಆಮೇಲೆ ಮಾಡಿದ ಪ್ರಯೋಗದಲ್ಲಿ ಶುದ್ಧ ಗ್ಯಾಸನ್ನ 3000ಕ್ಕೆ ಏರಿಸಿದ್ರೂ ಹೇಳಿಕೊಳ್ಳೋ ತೊಂದರೆ ಆಗ್ಲಿಲ್ಲ, ಆದ್ರೆ ವೆಂಟಿಲೇಶನ್ ಕಮ್ಮಿ ಮಾಡಿ ಜನರ ಉಸಿರಿಂದಲೇ 3000 ಆಗೋ ಹಾಗೆ ಬಿಟ್ಟಾಗ ತಲೆನೋವು, ಸುಸ್ತು ಬಂತು. ನಂಗೆ ಎರಡನೇದು ಹೆಚ್ಚು ಸರಿ ಅನ್ಸುತ್ತೆ, ಮ್ಯೂನಿಕ್ಕಿನವನು ಹೇಳಿದ್ದೂ ಹೆಚ್ಚುಕಮ್ಮಿ ಅದನ್ನೇ.

ಈಗ ಬೆಂಗಳೂರಿನ ಆ ಮೀಟಿಂಗ್ ರೂಮಿಗೆ ವಾಪಸ್ ಬರೋಣ. ನಮ್ಮಲ್ಲಿ ಸಣ್ಣ ಆಫೀಸುಗಳ ದೊಡ್ಡ ಸಮಸ್ಯೆ ಸ್ಪ್ಲಿಟ್ ಎಸಿ. ಹೊರಗಡೆ ಒಂದು ಯೂನಿಟ್ ಇರೋದ್ರಿಂದ ಹೊರಗಿನ ಗಾಳಿ ಒಳಗೆ ಬರುತ್ತೆ ಅಂತ ತುಂಬ ಜನ ನಂಬಿದಾರೆ, ಬರಲ್ಲ, ಎರಡರ ನಡುವೆ ಓಡೋದು ಪೈಪೊಳಗಿನ ಗ್ಯಾಸ್ ಮಾತ್ರ, ಅದು ಶಾಖನ ಹೊರಗೆ ಸಾಗಿಸುತ್ತೆ, ಕೋಣೆಯ ಗಾಳಿ ಅದದೇ ಸುತ್ತುತ್ತೆ. 6 ಮೀಟರ್ ಉದ್ದ, 4 ಮೀಟರ್ ಅಗಲ, 2.8 ಮೀಟರ್ ಎತ್ತರ ಅಂದ್ರೆ 67 ಘನ ಮೀಟರ್. ಬಾಗಿಲ ಸಂದಿಯಿಂದ ಗಂಟೆಗೆ ಅರ್ಧ ಕೋಣೆಯಷ್ಟು ಗಾಳಿ ಬದಲಾಗುತ್ತೆ ಅಂದ್ಕೊಳ್ಳಿ. ಹತ್ತು ಜನ ಕೂತ್ರೆ ಅರ್ಧ ಗಂಟೇಲಿ 1600, ಒಂದು ಗಂಟೇಲಿ 2500, ಎದ್ದೇಳದೇ ಕೂತೇ ಇದ್ರೆ 5500 ದಾಟೋವರೆಗೂ ಏರ್ತಾನೇ ಹೋಗುತ್ತೆ. ಅದೇ ರೂಮಲ್ಲಿ ಇಬ್ರೇ ಕೂತ್ರೆ ಒಂದು ಗಂಟೆಗೆ 850 ತೋರಿಸುತ್ತೆ, ಗಾಳಿ ಓಡಾಟ ಅಷ್ಟೇ ಕೆಟ್ಟದಾಗಿದ್ರೂ. ಹಾಗಾಗಿ ಖಾಲಿ ಆಫೀಸಲ್ಲಿ ಬೆಳಗ್ಗೆ ಒಂಬತ್ತಕ್ಕೆ ಅಳೆದು ಎಲ್ಲ ಸರಿ ಇದೆ ಅಂತ ಬರೆದುಕೊಟ್ಟ ರಿಪೋರ್ಟಿಗೆ ಬೆಲೆ ಇಲ್ಲ.

ನಿಜ ಗೊತ್ತಾಗೋದು ಎಲ್ರೂ ಎದ್ದು ಹೋದ್ಮೇಲೆ. ಮೀಟರನ್ನ ಅಲ್ಲೇ ಬಿಟ್ಟು ಬಾಗಿಲು ಹಾಕಿ ಹೊರಗೆ ಬನ್ನಿ, ಹೊರಗಿನ 420ಕ್ಕಿಂತ ಎಷ್ಟು ಜಾಸ್ತಿ ಇತ್ತೋ ಅದು ಅರ್ಧಕ್ಕಿಳಿಯೋಕೆ ಎಷ್ಟು ಹೊತ್ತು ಬೇಕಾಯ್ತು ನೋಡಿ, 0.7ನ್ನ ಆ ಗಂಟೆಗಳಿಂದ ಭಾಗಿಸಿದ್ರೆ ಗಂಟೆಗೆ ಎಷ್ಟು ಸಲ ಕೋಣೆ ಗಾಳಿ ಬದಲಾಗ್ತಿದೆ ಅಂತ ಬರುತ್ತೆ. ಮೇಲಿನ ರೂಮಿಗೆ ಸುಮಾರು 1 ಗಂಟೆ 25 ನಿಮಿಷ ಹಿಡಿಯುತ್ತೆ. ಗೋಡೆಗೆ ಒಂದು ಎಕ್ಸಾಸ್ಟ್ ಫ್ಯಾನು, ಬಾಗಿಲ ಕೆಳಗೆ ಗಾಳಿ ಬರೋ ಜಾಲರಿ ಹಾಕಿ ಮತ್ತೆ ಅಳೆದ್ರೆ ಅದು ಹತ್ತು ಹದಿನೈದು ನಿಮಿಷಕ್ಕಿಳಿಯಬಹುದು, ಆಗ ಖರ್ಚು ಮಾಡಿದ್ದು ಕೆಲಸ ಮಾಡ್ತಿದೆಯಾ ಅಂತ ಯಾರನ್ನೂ ಕೇಳ್ಬೇಕಿಲ್ಲ.

ಮೀಟರ್ ಕೊಳ್ಳುವಾಗ ಎನ್‌ಡಿಐಆರ್ ಅಂತ ಬರೆದಿರೋದನ್ನ ನೋಡಿ ತಗೊಳ್ಳಿ, ಅದು ಇನ್‌ಫ್ರಾರೆಡ್ ಬೆಳಕಿಂದ ಆ ಗ್ಯಾಸನ್ನೇ ಅಳೆಯುತ್ತೆ. ಅಗ್ಗದವು ಕೆಲವು ಬೇರೆ ಆವಿಗಳನ್ನ ನೋಡಿ ಕಾರ್ಬನ್ ಡೈಆಕ್ಸೈಡ್ ಇಷ್ಟಿರಬಹುದು ಅಂತ ಊಹೆ ಹೇಳ್ತವೆ, ಹೌಸ್‌ಕೀಪಿಂಗ್‌ನವರು ಸ್ಯಾನಿಟೈಸರ್ ಹಾಕಿದ್ರೂ ಏರ್ತವೆ. ಒಳ್ಳೆಯವುಗಳಲ್ಲೂ ತುಂಬ ಮೀಟರುಗಳು ವಾರದಲ್ಲಿ ಕಂಡ ಅತಿ ಕಮ್ಮಿ ನಂಬರೇ ಹೊರಗಿನ ಗಾಳಿ ಅಂತ ಅಂದ್ಕೊಂಡು ತಾವೇ 400ಕ್ಕೆ ಸರಿಮಾಡ್ಕೋತವೆ. ರಾತ್ರಿ ಖಾಲಿ ಆಗೋ ಆಫೀಸಿಗೆ ಇದು ಸರಿ. ಮೂರು ಶಿಫ್ಟಲ್ಲಿ ಇಪ್ಪತ್ನಾಲ್ಕು ಗಂಟೆ ಜನ ಇರೋ ಕಾಲ್ ಸೆಂಟರ್ ಫ್ಲೋರಲ್ಲಿ ಗಾಳಿ ಯಾವತ್ತೂ 800ರ ಕೆಳಗೆ ಇಳಿಯಲ್ಲ ಅಂದ್ರೆ ಮೀಟರ್ ಆ 800ನ್ನೇ 400 ಅಂತ ತಿಳ್ಕೊಂಡು, 1400 ಇದ್ದಾಗ ಸಾವಿರ ಅಂತ ತೋರಿಸುತ್ತೆ. ಅಂಥ ಕಡೆ ಆ ಸೆಟ್ಟಿಂಗ್ ಆಫ್ ಮಾಡಿ, ತಿಂಗಳಿಗೊಂದ್ಸಲ ಟೆರೇಸಿಗೆ ತಗೊಂಡ್ಹೋಗಿ ಇಪ್ಪತ್ತು ನಿಮಿಷ ಇಟ್ಟು, 420ರ ಹತ್ರ ತೋರಿಸ್ತಿದೆಯಾ ಅಂತ ನೋಡ್ಕೊಂಡು ಬರ್ಬೇಕು.